ಅಪರಿಚಿತನ ಉಪಕಾರ: ಕೃತಜ್ಞತೆ ಪೂರ್ಣವಾಗುವುದು ಹೇಗೆ?



ಹ. ಮೂಸಾ(ಅ)ರವರು ಈಜಿಪ್ಟಿನಿಂದ ಪ್ರಾಣಭಯದಿಂದ ಹೊರಟು ಮದ್‌ಯನ್ ಪ್ರದೇಶಕ್ಕೆ ತಲುಪಿದ ಸಂದರ್ಭವನ್ನು ಪವಿತ್ರ ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ನೀವು ಓದಿರಬಹುದು. ಅಲ್ಲಿನ ಬಾವಿಯ ಬಳಿ ಜನರು ಗುಂಪುಗೂಡಿ ತಮ್ಮ ಜಾನುವಾರುಗಳಿಗೆ ನೀರು ಕುಡಿಸುತ್ತಿದ್ದರು. ಇಬ್ಬರು ಸ್ತ್ರೀಯರು ಮಾತ್ರ ತಮ್ಮ ಹಿಂಡನ್ನು ತಡೆದುಕೊಂಡು ಒಂದು ಬದಿಯಲ್ಲಿ ನಿಂತಿದ್ದರು. ಅವರ ತಂದೆ ವಯೋವೃದ್ಧರು. ಕುರುಬರೆಲ್ಲ ಹೋಗುವ ತನಕ ಅವರಿಗೆ ಸರದಿ ಸಿಗುವಂತಿರಲಿಲ್ಲ. ಮೂಸಾ(ಅ)ರವರು ಅವರ ಹಿಂಡಿಗೆ ನೀರು ಕುಡಿಸಿದರು. ಅನಂತರ ಏನನ್ನೂ ಕೇಳದೆ ನೆರಳಿಗೆ ಸರಿದು, ತಮ್ಮ ಅಗತ್ಯವನ್ನು ತಮ್ಮ ಪ್ರಭುವಿನೊಡನೆ ಮಾತ್ರ ತೋಡಿಕೊಂಡರು.

ಇಲ್ಲಿಯ ತನಕದ ಕಥೆಯನ್ನು ನಾವು ಮಕ್ಕಳಿಗೆ ಹೇಳುತ್ತೇವೆ. ಉಪಕಾರ ಮಾಡಿದವರ ಗುಣವನ್ನು ಕೊಂಡಾಡುತ್ತೇವೆ. ಆದರೆ ಉಪಕಾರ ಪಡೆದ ಮನೆಯವರು ಆಮೇಲೆ ಏನು ಮಾಡಿದರು ಎಂಬುದನ್ನು ಗಮನಿಸುವುದು ಕಡಿಮೆ. ಅವರಲ್ಲೊಬ್ಬಾಕೆ ಲಜ್ಜೆಯಿಂದ ನಡೆದು ಬಂದು, ನೀವು ನಮಗಾಗಿ ನೀರು ಕುಡಿಸಿದ್ದಕ್ಕೆ ಪ್ರತಿಫಲ ಕೊಡಲು ನಮ್ಮ ತಂದೆ ಕರೆಯುತ್ತಿದ್ದಾರೆ ಎಂಬರ್ಥದ ಮಾತನ್ನು ಹೇಳಿದಳು. ಈ ಚಿಕ್ಕ ಮಾತಿನಲ್ಲಿ ಎಷ್ಟು ಸಂಗತಿಗಳಿವೆ ನೋಡಿರಿ. ಮನೆಯವರು ಅಪರಿಚಿತನನ್ನು ಹುಡುಕಿಕೊಂಡು ಬಂದರು. ಅವನು ಮಾಡಿದ ಕೆಲಸವನ್ನು ಹೆಸರು ಹಿಡಿದು ಹೇಳಿದರು. "ನಿಮ್ಮ ಸಹಾಯಕ್ಕೆ" ಎಂದು ತೇಲಿಸಿ ಹೇಳಲಿಲ್ಲ, ನೀರು ಕುಡಿಸಿದ್ದಕ್ಕೆ ಎಂದರು. ಸಲ್ಲಬೇಕಾದುದನ್ನು ಸಲ್ಲಿಸಲು ಮುಂದಾದರು. ಆ ವೃದ್ಧ ತಂದೆ ಅತಿಥಿಯ ಕಥೆಯನ್ನೆಲ್ಲ ಕೇಳಿದರು. ಕೇಳಿದ ಮೇಲೆ, ಇನ್ನು ನೀನು ಭಯಪಡಬೇಕಾಗಿಲ್ಲ ಎಂದು ಅವರ ಆತಂಕವನ್ನು ದೂರಮಾಡಿದರು.

ಉಪಕಾರವನ್ನು ಹೆಸರಿಸುವುದು, ಋಣವನ್ನು ತೀರಿಸುವುದು, ಅವರ ಕಡೆಯ ಮಾತಿಗೆ ಕಿವಿಗೊಡುವುದು, ಅವರ ಭಯವನ್ನು ನೀಗಿಸುವುದು. ಅಪರಿಚಿತನಿಗೆ ಸಲ್ಲಿಸುವ ಕೃತಜ್ಞತೆಯ ನಾಲ್ಕು ಅಂಗಗಳು ಇಲ್ಲಿವೆ. ಇವನ್ನು ನಮ್ಮ ಇಂದಿನ ಬದುಕಿನಲ್ಲಿ ಇಟ್ಟು ನೋಡೋಣ.

ಬೆಂಗಳೂರಿನ ದಕ್ಷಿಣ ಅಂಚಿನ ಎಲೆಕ್ಟ್ರಾನಿಕ್ ಸಿಟಿಯು 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಮೂಲಕ ರೂಪುಗೊಂಡ ಕೈಗಾರಿಕಾ ನೆಲೆ. ಅಲ್ಲಿಂದ ಮುಂದೆ ಹೊಸೂರು ರಸ್ತೆಯುದ್ದಕ್ಕೂ ಬೊಮ್ಮಸಂದ್ರ, ಚಂದಾಪುರ, ಅತ್ತಿಬೆಲೆಗಳ ತನಕ ಕಾರ್ಖಾನೆಗಳು ಬೆಳೆದಿವೆ. ರಾತ್ರಿ ಪಾಳಿ ಮುಗಿಸಿ ಬರುವ ನಮ್ಮ ಮಕ್ಕಳು ಆ ರಸ್ತೆಯಲ್ಲಿ ಬಿದ್ದರೆ, ಮೊದಲು ಓಡಿ ಬರುವವನು ಬಂಧುವಲ್ಲ, ಊರಿನವನೂ ಅಲ್ಲ. ಎಲ್ಲಿಂದಲೋ ಬಂದ ಒಬ್ಬ ಅಪರಿಚಿತ. ಅವನ ಧರ್ಮ ಬೇರೆ ಇರಬಹುದು, ಭಾಷೆ ಬೇರೆ ಇರಬಹುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಿರಿ. ಮಳೆಯ ರಾತ್ರಿ, ಗಂಟೆ ಹತ್ತೂಮುಕ್ಕಾಲು. ಬೊಮ್ಮಸಂದ್ರದ ಕಾರ್ಖಾನೆಯೊಂದರಿಂದ ಮನೆಗೆ ಮರಳುತ್ತಿದ್ದ ಯುವಕನ ಬೈಕು ಸರ್ವಿಸ್ ರಸ್ತೆಯ ಜಲ್ಲಿಯ ಮೇಲೆ ಜಾರುತ್ತದೆ. ಮೊಣಕಾಲಿನ ಕೆಳಗೆ ಮೂಳೆ ಮುರಿದು ರಕ್ತ ಹರಿಯುತ್ತದೆ. ಕಂಪೆನಿಯ ನೌಕರರನ್ನು ಕರೆತರಲು ಹೊರಟಿದ್ದ ಕ್ಯಾಬ್ ಚಾಲಕರೊಬ್ಬರು ಗಾಡಿ ನಿಲ್ಲಿಸುತ್ತಾರೆ. ತಮ್ಮ ಟವೆಲನ್ನು ಮಡಚಿ ಗಾಯದ ಮೇಲೆ ಒತ್ತಿ ಹಿಡಿಯುತ್ತಾರೆ. 108ಕ್ಕೆ ಫೋನ್ ಮಾಡಿಸುತ್ತಾರೆ. ಆಂಬ್ಯುಲೆನ್ಸ್ ಬರುವ ತನಕ ಕೈ ತೆಗೆಯುವುದಿಲ್ಲ. ಆಸ್ಪತ್ರೆಗೂ ಹಿಂದೆಯೇ ಬಂದು, ಯುವಕನ ಅಣ್ಣ ತಲುಪಿದ ಮೇಲೆ ಅವನ ಕೈಗೆ ತಮ್ಮನ ಚೀಲವನ್ನೂ ಫೋನನ್ನೂ ಒಪ್ಪಿಸಿ ಹೊರಡುತ್ತಾರೆ. ಹೊರಡುವಾಗ ಅಣ್ಣನು ಅವರ ಫೋನ್ ನಂಬರ್ ಕೇಳಿ ಬರೆದುಕೊಳ್ಳುತ್ತಾನೆ.

ಹತ್ತು ದಿನಗಳಾದ ಮೇಲೆ ಮನೆಯವರಿಗೆ ನೆನಪಾಗಿ ಹೀಗೊಂದು ಸಂದೇಶ ಬರೆಯುತ್ತಾರೆ:

"ಸರ್, ಅವತ್ತು ನೀವು ಮಾಡಿದ ಸಹಾಯಕ್ಕೆ ತುಂಬಾ ಧನ್ಯವಾದಗಳು. ನಿಮ್ಮ ಉಪಕಾರವನ್ನು ಸಾಯುವ ತನಕ ಮರೆಯುವುದಿಲ್ಲ. ನೀವು ನಮ್ಮ ಪಾಲಿಗೆ ದೇವರ ಹಾಗೆ ಬಂದಿರಿ. ಏನಾದರೂ ಬೇಕಾದರೆ ಹೇಳಿ."

ಇದರಲ್ಲಿ ಸುಳ್ಳಿಲ್ಲ, ಪ್ರೀತಿಯೂ ಇದೆ. ಆದರೂ ಇದು ಅಪೂರ್ಣ. ಏಕೆಂದರೆ ಈ ನಾಲ್ಕು ವಾಕ್ಯಗಳನ್ನು ಸಾಲ ಕೊಟ್ಟವನಿಗೂ ಕಳುಹಿಸಬಹುದು, ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟವನಿಗೂ ಕಳುಹಿಸಬಹುದು. ಆ ಚಾಲಕರು ಮಳೆಯಲ್ಲಿ ಮಂಡಿಯೂರಿ ಕುಳಿತದ್ದು ಇದರಲ್ಲಿ ಎಲ್ಲಿಯೂ ಇಲ್ಲ. ಇನ್ನೂ ಮುಖ್ಯವಾದುದೇನೆಂದರೆ, ಹತ್ತು ದಿನಗಳಿಂದ ಅವರ ಮನಸ್ಸಿನಲ್ಲಿ ಉಳಿದಿರುವ ಒಂದು ಪ್ರಶ್ನೆಗೆ ಇದರಲ್ಲಿ ಉತ್ತರವಿಲ್ಲ: ಆ ಹುಡುಗನಿಗೆ ಆಮೇಲೆ ಏನಾಯಿತು?

ಯೋಚಿಸಿರಿ. ನಮಗೆ ಆ ರಾತ್ರಿಯ ಆದಿ, ಮಧ್ಯ, ಅಂತ್ಯ ಎಲ್ಲವೂ ಗೊತ್ತಿದೆ. ಅಪರಿಚಿತನಿಗೆ ಗೊತ್ತಿರುವುದು ಮಧ್ಯದ ಒಂದು ಗಂಟೆ ಮಾತ್ರ. ತನ್ನ ಕೈಗೆ ಹತ್ತಿದ ರಕ್ತವನ್ನು ತೊಳೆದುಕೊಂಡು ಹೋದ ಅವನಿಗೆ ಕಾಲು ಉಳಿಯಿತೋ ಹೋಯಿತೋ ತಿಳಿಯದು. ತಾನು ಒತ್ತಿ ಹಿಡಿದದ್ದು ಸರಿಯಾಯಿತೋ ತಪ್ಪಾಯಿತೋ ಎಂಬ ಶಂಕೆ ಇರಬಹುದು. ಅವನು ಕಾಣದೆ ಹೋದ ಅಂತ್ಯವನ್ನು ಅವನಿಗೆ ತಲುಪಿಸುವುದು ನಮ್ಮಿಂದ ಮಾತ್ರ ಸಾಧ್ಯ. ಆದುದರಿಂದ ಪತ್ರ ಬರೆಯುವ ತನಕ ಕಾಯಬೇಕಾಗಿಯೂ ಇಲ್ಲ. ಅದೇ ರಾತ್ರಿ ಅಥವಾ ಮರುದಿನ "ಆಪರೇಷನ್ ಆಯಿತು, ಪ್ರಾಣಾಪಾಯವಿಲ್ಲ" ಎಂಬ ಎರಡು ಮಾತು ಹೋದರೆ ಒಬ್ಬ ಮನುಷ್ಯ ನೆಮ್ಮದಿಯಿಂದ ನಿದ್ದೆ ಮಾಡುತ್ತಾನೆ. ವಿವರವಾದ ಪತ್ರ ಆಮೇಲೆ ಬರಲಿ.

ಇನ್ನು ಆ ಸಂದೇಶದ ಮೂರನೆಯ ವಾಕ್ಯ. ಆಡುಮಾತಿನಲ್ಲಿ ಜನರು ಹೀಗೆ ಹೇಳುವುದುಂಟು. ಆದರೆ ಸತ್ಯವಿಶ್ವಾಸಿಯು ಸೃಷ್ಟಿಯನ್ನು ಸೃಷ್ಟಿಕರ್ತನ ಸ್ಥಾನಕ್ಕೆ ಏರಿಸುವ ಮಾತನ್ನು ಮೆಚ್ಚುಗೆಗಾಗಿಯೂ ಆಡಬಾರದು. ಅಲ್ಲಾಹನು ನಿಮ್ಮನ್ನು ಅಲ್ಲಿಗೆ ತಲುಪಿಸಿದನು ಎಂದರೆ ಸತ್ಯವೂ ಆಯಿತು, ಗೌರವವೂ ಆಯಿತು. ಆದರೆ "ಎಲ್ಲ ಅಲ್ಲಾಹನ ಕೃಪೆ" ಎಂದು ಹೇಳಿ ಮನುಷ್ಯನನ್ನು ಮರೆಯುವುದೂ ಸರಿಯಲ್ಲ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ (ಅಬೂದಾವೂದ್, ತಿರ್ಮಿದಿ). ಕಳುಹಿಸಿದವನಿಗೂ ಬಂದವನಿಗೂ ಅವರವರ ಹಕ್ಕು ಸಲ್ಲಬೇಕು.

ಕೊನೆಯ ವಾಕ್ಯವಾದ "ಏನಾದರೂ ಬೇಕಾದರೆ ಹೇಳಿ" ಎಂಬುದು ಉದಾರವಾಗಿ ಕಾಣುತ್ತದೆ. ವಾಸ್ತವದಲ್ಲಿ ಅದು ಕೇಳುವ ಭಾರವನ್ನು ಉಪಕಾರ ಮಾಡಿದವನ ಹೆಗಲಿಗೇ ಹಾಕುತ್ತದೆ. ಸ್ವಾಭಿಮಾನವುಳ್ಳವನು ಏನನ್ನೂ ಕೇಳಲಾರ. ನೆರಳಿನಲ್ಲಿ ಕುಳಿತಿದ್ದ ಮೂಸಾ(ಅ)ರವರು ಹಸಿದಿದ್ದರೂ ಆ ಸ್ತ್ರೀಯರೊಡನೆ ಏನನ್ನೂ ಕೇಳಿರಲಿಲ್ಲ ಎಂಬುದನ್ನು ನೆನಪಿಡಿರಿ.

ಹಾಗಾದರೆ ಪತ್ರವನ್ನು ಮತ್ತೆ ಬರೆಯುವುದು ಹೇಗೆ? ಲೇಖನಿ ಹಿಡಿಯುವ ಮೊದಲು ಮನೆಯವರೆಲ್ಲ ಕುಳಿತು ಆ ಗಂಟೆಯನ್ನು ನೆನಪಿಸಿಕೊಳ್ಳಬೇಕು. ಗಾಯಾಳುವನ್ನು ಕೇಳಬೇಕು: ಅವರು ಮೊದಲು ಏನೆಂದರು, ಏನು ಮಾಡಿದರು? ಬಿದ್ದವನಿಗೆ ಮಾತ್ರ ಗೊತ್ತಿರುವ ಸಣ್ಣ ಸಂಗತಿಗಳಿರುತ್ತವೆ. ನಮ್ಮ ಉದಾಹರಣೆಯ ಯುವಕನು ಹೇಳುತ್ತಾನೆ: ಸೇರಿದ ಜನರಲ್ಲಿ ಕೆಲವರು ಅವನನ್ನು ಎತ್ತಿ ಆಟೋದಲ್ಲಿ ಹಾಕಲು ಹೊರಟಾಗ, ಕಾಲು ಮುರಿದಿದೆ, ಕುತ್ತಿಗೆಗೂ ಪೆಟ್ಟಾಗಿರಬಹುದು, ಅಲುಗಿಸಬೇಡಿ ಎಂದು ಚಾಲಕರು ತಡೆದರು. ಒಬ್ಬರು ನೀರು ಕುಡಿಸಲು ಬಂದಾಗ, ಆಪರೇಷನ್ ಆಗಬೇಕಾಗಬಹುದು, ಬೇಡ ಎಂದರು. ಟವೆಲು ನೆನೆದಾಗ ಅದನ್ನು ಕಿತ್ತು ನೋಡದೆ, ಅದರ ಮೇಲೆಯೇ ತಮ್ಮ ಮಡಚಿದ ಅಂಗಿಯನ್ನಿಟ್ಟು ಒತ್ತಿದರು. ಮನೆಗೆ ಫೋನ್ ಮಾಡುವಾಗ ಮೊದಲು ಯುವಕನ ಕಿವಿಗೇ ಫೋನಿಟ್ಟು, ನೀನೇ ಎರಡು ಮಾತಾಡು, ಇಲ್ಲದಿದ್ದರೆ ತಾಯಿ ಹೆದರುತ್ತಾರೆ ಎಂದರು.

ಅನಂತರ ವೈದ್ಯರನ್ನು ಕೇಳಬೇಕು. ಇದು ಬಹಳ ಮುಖ್ಯ. "ನೀವು ಜೀವ ಉಳಿಸಿದಿರಿ" ಎಂದು ನಾವೇ ಊಹಿಸಿ ಬರೆದರೆ ಅದು ಹೊಗಳಿಕೆಯಾಗುತ್ತದೆ. ಒತ್ತಿ ಹಿಡಿದದ್ದರಿಂದ ರಕ್ತ ಹೆಚ್ಚು ಹೋಗಲಿಲ್ಲ ಎಂದು ವೈದ್ಯರು ಹೇಳಿದ್ದರೆ ಅಷ್ಟನ್ನೇ ಬರೆಯಿರಿ. ಅತಿಶಯದ ಮಾತನ್ನು ಓದಿದವನು ಸಂಕೋಚಪಟ್ಟು ಪತ್ರವನ್ನು ಮಡಚಿಡುತ್ತಾನೆ. ನಿಜವಾದ ಮಾತನ್ನು ಓದಿದವನು ಮನೆಯವರಿಗೂ ಓದಿ ಹೇಳುತ್ತಾನೆ.

ಮೂರನೆಯದಾಗಿ ಅವರಿಗಾದ ನಷ್ಟವನ್ನು ಗುರುತಿಸಬೇಕು. ಇಲ್ಲಿ ಎರಡನ್ನು ಬೇರ್ಪಡಿಸಿರಿ. ಅವರು ಔಷಧಿ ಅಂಗಡಿಯಲ್ಲಿ ಕೊಟ್ಟ 640 ರೂಪಾಯಿ ಸಾಲ. ಅದನ್ನು ಲೆಕ್ಕ ಹಿಡಿದು ಹಿಂದಿರುಗಿಸುವುದು ಕಡ್ಡಾಯ. ಹಾಳಾದ ಟವೆಲು, ಅಂಗಿಗಳೂ ಹಾಗೆಯೇ. ಆದರೆ ಅವರ ಕರುಣೆಗೆ ಬೆಲೆ ಕಟ್ಟಿ ನೋಟುಗಳ ಕಂತೆಯನ್ನು ಚಾಚಿದರೆ ಉಪಕಾರವು ಕೂಲಿಯಾಗಿ ಬಿಡುತ್ತದೆ. ಮದ್‌ಯನ್ನಿನ ಹಿರಿಯರು ಪ್ರತಿಫಲ ಕೊಡಲು ಕರೆಸಿದ್ದು ನಿಜ. ಆದರೆ ಅವರು ಅದನ್ನು ದಾರಿಯಲ್ಲಿ ಕೈಗೆ ತುರುಕಿ ಕಳುಹಿಸಲಿಲ್ಲ. ಮನೆಗೆ ಕರೆದರು, ಕಥೆ ಕೇಳಿದರು. ಉಡುಗೊರೆ ಕೊಡುವುದಾದರೆ ಮನೆಯ ಊಟದೊಡನೆ, ಮಕ್ಕಳ ಕೈಯಿಂದ ಕೊಡಿಸಿರಿ. ಅವರು ಬೇಡವೆಂದರೆ ಒತ್ತಾಯಿಸಬೇಡಿರಿ.

ಪ್ರತಿಫಲವನ್ನೂ ಕೃತಜ್ಞತೆಯನ್ನೂ ಬಯಸದೆ ಉಣಿಸುವವರನ್ನು ಪವಿತ್ರ ಕುರ್‌ಆನ್ ಪ್ರಶಂಸಿಸಿದೆಯಲ್ಲ (ಅದ್ದಹ್ರ್: 8-9), ಮತ್ತೇಕೆ ಇದೆಲ್ಲ ಎಂದು ಕೆಲವರು ಕೇಳಬಹುದು. ಆ ಸೂಕ್ತವು ಕೊಡುವವನ ಮನಸ್ಸು ಹೇಗಿರಬೇಕೆಂದು ಕಲಿಸುತ್ತದೆ. ಪಡೆದವನಿಗೆ ಅದು ರಿಯಾಯಿತಿಯಲ್ಲ. ಅವನು ಬಯಸದಿರುವುದು ಅವನ ದೊಡ್ಡತನ, ನಾವು ಸಲ್ಲಿಸದಿರುವುದು ನಮ್ಮ ಸಣ್ಣತನ.

ನಾಲ್ಕನೆಯದು ಭಯ. ರಸ್ತೆಯಲ್ಲಿ ಬಿದ್ದವನನ್ನು ಎತ್ತಲು ಜನರು ಹಿಂಜರಿಯುವುದಕ್ಕೆ ಪೊಲೀಸ್ ಠಾಣೆ, ಕೋರ್ಟುಗಳಿಗೆ ಅಲೆಯಬೇಕಾದೀತೆಂಬ ಅಂಜಿಕೆಯೂ ಒಂದು ಕಾರಣ. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಇಂತಹ ಸಹಾಯಕರ ರಕ್ಷಣೆಗಾಗಿ ರಚಿಸಲಾದ ಮಾರ್ಗಸೂಚಿಗಳಿಗೆ ಕಾನೂನಿನ ಬಲ ನೀಡಿತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 134ಎ ಎಂಬ ಕಲಮು ಸೇರಿತು. ಅದರಂತೆ ಸದುದ್ದೇಶದಿಂದ ನೆರವಾದವನ ಮೇಲೆ, ಗಾಯಾಳುವಿಗೆ ಒದಗಿದ ಹಾನಿಗಾಗಿ ಮೊಕದ್ದಮೆ ಹೂಡುವಂತಿಲ್ಲ. ತನ್ನ ಹೆಸರು ವಿಳಾಸಗಳನ್ನು ಹೇಳುವಂತೆ ಅವನನ್ನು ಬಲವಂತಪಡಿಸುವಂತಿಲ್ಲ. ಆದರೂ ಎಷ್ಟೋ ಜನರಿಗೆ ಇದು ತಿಳಿಯದು. ನಮ್ಮ ಪತ್ರವೇ ಅವರ ಅಂಜಿಕೆಯನ್ನು ದೂರಮಾಡಲಿ. ಅವರ ಹೆಸರನ್ನೂ ನಂಬರನ್ನೂ ಅವರನ್ನು ಕೇಳದೆ ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಡಿರಿ. ಮೆಚ್ಚುಗೆಯ ಭರದಲ್ಲಿ ಅವರ ಭಾವಚಿತ್ರವನ್ನು ವಾಟ್ಸಾಪಿನಲ್ಲಿ ಊರಿಗೆಲ್ಲ ಹಂಚುವುದೂ ಆ ಮಾತಿಗೆ ವಿರುದ್ಧ. ಒಂದು ವೇಳೆ ವಿಮೆಯ ಅರ್ಜಿಗಾಗಿ ಅವರ ಸಾಕ್ಷಿ ಬೇಕಾದರೆ ಅದನ್ನು ಇನ್ನೊಂದು ದಿನ, ಇನ್ನೊಂದು ಮಾತಿನಲ್ಲಿ ಕೇಳಿರಿ. ಕೃತಜ್ಞತೆಯ ಪತ್ರದ ಬಾಲದಲ್ಲಿ ಬೇಡಿಕೆಯನ್ನು ಕಟ್ಟಿದರೆ ಇಡೀ ಪತ್ರವೇ ಆ ಬೇಡಿಕೆಗಾಗಿ ಬರೆದಂತೆ ಕಾಣುತ್ತದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟು ಅಣ್ಣನು ಹೀಗೆ ಬರೆಯಬಹುದು:

"ಪ್ರೀತಿಯ ಅಣ್ಣನವರಿಗೆ,

ಬೊಮ್ಮಸಂದ್ರದ ಬಳಿ ಮಳೆಯ ರಾತ್ರಿ ಬೈಕಿನಿಂದ ಬಿದ್ದ ಹುಡುಗನ ಅಣ್ಣ ನಾನು. ಮೊದಲು ನಿಮಗೆ ತಿಳಿಸಬೇಕಾದ ಸುದ್ದಿ: ತಮ್ಮ ಮನೆಗೆ ಬಂದಿದ್ದಾನೆ. ಕಾಲು ಉಳಿದಿದೆ. ಒಳಗೆ ರಾಡ್ ಹಾಕಿದ್ದಾರೆ. ಮೂರು ತಿಂಗಳ ನಂತರ ನಡೆಯಬಹುದೆಂದು ಡಾಕ್ಟರ್ ಹೇಳಿದ್ದಾರೆ.

ನೀವು ಟವೆಲು ಮಡಚಿ ಒತ್ತಿ ಹಿಡಿದು, ಆಂಬ್ಯುಲೆನ್ಸ್ ಬರುವ ತನಕ ಕೈ ತೆಗೆಯಲಿಲ್ಲವೆಂದು ಅವನು ಹೇಳಿದ. ಅದರಿಂದಲೇ ರಕ್ತ ಹೆಚ್ಚು ಹೋಗಲಿಲ್ಲ, ಹೀಗೆಯೇ ಮಾಡಬೇಕಿತ್ತು ಎಂದು ಡಾಕ್ಟರ್ ನಮ್ಮೆದುರು ಹೇಳಿದರು. ಅವನನ್ನು ಎತ್ತಿ ಆಟೋದಲ್ಲಿ ಹಾಕದಂತೆ ನೀವು ತಡೆದದ್ದೂ ಒಳ್ಳೆಯದಾಯಿತು.

ನಮ್ಮ ಅಮ್ಮಿ ನಿಮಗೆ ಒಂದು ಮಾತು ಹೇಳಲು ಹೇಳಿದ್ದಾರೆ. ಆ ಹೊತ್ತಿನಲ್ಲಿ ಅಪರಿಚಿತ ಧ್ವನಿ ಕೇಳಿದ್ದರೆ ಅವರು ಕುಸಿದುಬಿಡುತ್ತಿದ್ದರಂತೆ. ನೀವು ಮೊದಲು ಮಗನ ಧ್ವನಿಯನ್ನೇ ಕೇಳಿಸಿದಿರಿ. ಅದನ್ನು ಅವರು ಪ್ರತಿ ನಮಾಝಿನ ಬಳಿಕ ನೆನೆಯುತ್ತಾರೆ.

ಅಂದು ನಿಮ್ಮ ಟ್ರಿಪ್ ತಪ್ಪಿತು. ಅದಕ್ಕಾಗಿ ನೀವು ಮಾಲಿಕರಿಂದ ಮಾತು ಕೇಳಬೇಕಾಯಿತೋ ಏನೋ. ಹಾಗಾಗಿದ್ದರೆ ನಾನೇ ಬಂದು ಅವರಿಗೆ ನಡೆದುದನ್ನು ಹೇಳುತ್ತೇನೆ. ನೀವು ಔಷಧಿಗೆ ಕೊಟ್ಟ 640 ರೂಪಾಯಿಯನ್ನೂ ಒಂದು ಹೊಸ ಟವೆಲು ಮತ್ತು ಅಂಗಿಯನ್ನೂ ತಂದು ಕೊಡುತ್ತೇನೆ. ಅದು ನಿಮ್ಮದೇ, ದಯವಿಟ್ಟು ಬೇಡವೆನ್ನಬೇಡಿ. ನಿಮ್ಮ ಹೆಸರು, ನಂಬರುಗಳನ್ನು ನಿಮ್ಮನ್ನು ಕೇಳದೆ ಯಾರಿಗೂ ಕೊಡುವುದಿಲ್ಲ.

ತಮ್ಮ ನಿಮ್ಮನ್ನು ನೋಡಬೇಕೆನ್ನುತ್ತಾನೆ. ನಿಮಗೆ ರಜೆ ಇರುವ ದಿನ ಹೇಳಿದರೆ ಮಧ್ಯಾಹ್ನ ಊಟಕ್ಕೆ ಕಾಯುತ್ತೇವೆ. ಆಗದಿದ್ದರೂ ಬೇಸರವಿಲ್ಲ.

ಅಲ್ಲಾಹನು ನಿಮ್ಮನ್ನು ಆ ಹೊತ್ತಿಗೆ ಅಲ್ಲಿಗೆ ತಲುಪಿಸಿದನು. ಅವನು ನಿಮಗೂ ನಿಮ್ಮ ಮಕ್ಕಳಿಗೂ ಉತ್ತಮ ಪ್ರತಿಫಲ ನೀಡಲಿ. ನೀವು ರಸ್ತೆಯಲ್ಲಿರುವ ಪ್ರತಿ ರಾತ್ರಿಯೂ ನಿಮ್ಮನ್ನು ಕಾಪಾಡಲಿ."

ಮೊದಲ ಸಂದೇಶಕ್ಕಿಂತ ಇದು ಉದ್ದವಾಗಿದೆ. ಆದರೆ ಇದರಲ್ಲಿ ಅಲಂಕಾರದ ಒಂದು ಮಾತೂ ಇಲ್ಲ. ಇದನ್ನು ಬೇರೆ ಯಾರಿಗೂ ಕಳುಹಿಸಲು ಸಾಧ್ಯವಿಲ್ಲ. ನೀವು ಬರೆದ ಪತ್ರವನ್ನು ಹೀಗೆಯೇ ಪರೀಕ್ಷಿಸಿರಿ: ಹೆಸರು ಬದಲಿಸಿ ಇನ್ನೊಬ್ಬರಿಗೆ ಕೊಡಬಹುದಾದರೆ ಅದು ಇನ್ನೂ ಮುಗಿದಿಲ್ಲ.

ಪತ್ರದ ಕೊನೆಯ ಪ್ರಾರ್ಥನೆಯನ್ನು ಗಮನಿಸಿರಿ. ಉಪಕಾರಿಗೆ "ಜಝಾಕಲ್ಲಾಹು ಖೈರನ್" ಎಂದವನು ಪ್ರಶಂಸೆಯನ್ನು ಪೂರ್ಣಗೊಳಿಸಿದನು ಎಂಬ ಅರ್ಥದ ಪ್ರವಾದಿ ವಚನವು ತಿರ್ಮಿದಿಯಲ್ಲಿದೆ. ಆದರೆ ಕೇಳುವವನಿಗೆ ಅರಬಿ ತಿಳಿಯದಿದ್ದರೆ ಅವನ ಪಾಲಿಗೆ ಅದು ಶಬ್ದ ಮಾತ್ರ. ಪ್ರಾರ್ಥನೆ ಅಲ್ಲಾಹನಿಗೆ ಯಾವ ಭಾಷೆಯಲ್ಲೂ ತಲುಪುತ್ತದೆ, ಮನುಷ್ಯನಿಗೆ ಅವನ ಭಾಷೆಯಲ್ಲೇ ತಲುಪಬೇಕು. ಹೊಸೂರಿನ ಕಡೆಯವರಾದರೆ ತಮಿಳು ಬಲ್ಲ ಸ್ನೇಹಿತನಿಂದ ಬರೆಯಿಸಿರಿ. ಓದುಬರಹ ತಿಳಿಯದವರಾದರೆ ಫೋನಿನಲ್ಲಿ, ಸಾಧ್ಯವಾದರೆ ಮುಖಾಮುಖಿಯಾಗಿ ಹೇಳಿರಿ.

ಉಪಕಾರಿಯು ಮುಸ್ಲಿಮನಲ್ಲದಿದ್ದರೆ ಕೃತಜ್ಞತೆ ಒಂದಿಷ್ಟೂ ಕಡಿಮೆಯಾಗಬಾರದು. ಪ್ರವಾದಿವರ್ಯರು(ಸ) ತಾಇಫ್‌ನಿಂದ ನೊಂದು ಮರಳಿದಾಗ ಅವರಿಗೆ ಮಕ್ಕಾದಲ್ಲಿ ಆಶ್ರಯ ನೀಡಿದವನು ಮುತ್‌ಇಮ್ ಬಿನ್ ಅದಿಯ್ಯ್. ಅವನು ಇಸ್ಲಾಮ್ ಸ್ವೀಕರಿಸದೆಯೇ ತೀರಿಕೊಂಡನು. ವರ್ಷಗಳ ಬಳಿಕ ಬದ್ರ್‌ನ ಸೆರೆಯಾಳುಗಳು ಎದುರಿಗಿದ್ದಾಗ, ಮುತ್‌ಇಮ್ ಬದುಕಿದ್ದು ಇವರಿಗಾಗಿ ಕೇಳಿಕೊಂಡಿದ್ದರೆ ಅವನಿಗೋಸ್ಕರ ಇವರನ್ನು ಬಿಟ್ಟುಬಿಡುತ್ತಿದ್ದೆ ಎಂದು ಪ್ರವಾದಿವರ್ಯರು(ಸ) ನುಡಿದುದು ಬುಖಾರಿಯಲ್ಲಿ ವರದಿಯಾಗಿದೆ. ಆ ಮನುಷ್ಯನಿಗೆ ಕೇಳಿಸಲು ಸಾಧ್ಯವಿಲ್ಲದಿದ್ದಾಗಲೂ ಅವನ ಹೆಸರು ಹೇಳಿದರು.

ಇನ್ನೊಂದು ಸಂದರ್ಭವನ್ನೂ ಹೇಳದೆ ಮುಗಿಸುವಂತಿಲ್ಲ. ಗಾಯಾಳು ಬದುಕದಿದ್ದರೆ? ದುಃಖದ ಮನೆಯಲ್ಲಿ ಅಪರಿಚಿತನ ನೆನಪು ಯಾರಿಗೂ ಬರುವುದಿಲ್ಲ. ಅವನಾದರೋ ತನ್ನ ಕೈಯಲ್ಲಿ ಏನೂ ಆಗಲಿಲ್ಲವೆಂದು ಕೊರಗುತ್ತಿರುತ್ತಾನೆ. 2016ರ ಫೆಬ್ರವರಿಯಲ್ಲಿ ನೆಲಮಂಗಲದ ಬಳಿ ಹೆದ್ದಾರಿ ಅಪಘಾತದಲ್ಲಿ ದೇಹವೇ ತುಂಡಾದ ಹರೀಶ್ ನಂಜಪ್ಪ ಎಂಬ ಯುವಕ, ತನ್ನ ಕಣ್ಣುಗಳನ್ನು ದಾನ ಮಾಡಿರೆಂದು ಕೊನೆಯ ಕ್ಷಣಗಳಲ್ಲಿ ಕೋರಿಕೊಂಡನು. ಅದರಂತೆ ನೇತ್ರದಾನವೂ ನಡೆಯಿತು. ರಸ್ತೆ ಅಪಘಾತದ ಗಾಯಾಳುಗಳ ಮೊದಲ 48 ಗಂಟೆಗಳ ಚಿಕಿತ್ಸೆಗಾಗಿ ರಾಜ್ಯ ಸರಕಾರವು ಅದೇ ವರ್ಷ ಆರಂಭಿಸಿದ ಯೋಜನೆಗೆ ಅವನ ಹೆಸರನ್ನೇ ಇಡಲಾಯಿತು. ಅವನ ಪ್ರಾಣವನ್ನು ಯಾರಿಂದಲೂ ಉಳಿಸಲಾಗಲಿಲ್ಲ, ಆದರೆ ಕೇಳಿಸಿಕೊಳ್ಳುವ ಕಿವಿಗಳಿದ್ದುದರಿಂದ ಅವನ ಮಾತು ಉಳಿಯಿತು. ಮರಣಿಸಿದವನ ಮನೆಯವರು ಸಹಾಯಕನಿಗೆ ಹೇಳಬಹುದಾದ ಮಾತು ಇದೇ: ನಮ್ಮ ಮಗ ಒಬ್ಬನೇ ಸಾಯಲಿಲ್ಲ, ನೀವು ಅವನ ಕೈ ಹಿಡಿದಿದ್ದಿರಿ. ಈ ಎರಡು ವಾಕ್ಯಗಳು ಸಾಕು. ಆ ಮನುಷ್ಯನ ಕೊರಗನ್ನು ಇಳಿಸುವ ಶಕ್ತಿ ಬೇರೆ ಯಾರ ಮಾತಿಗೂ ಇಲ್ಲ.

ಕೆಲವೊಮ್ಮೆ ಉಪಕಾರಿಯು ಹೆಸರು ಹೇಳದೆಯೇ ಹೋಗಿರುತ್ತಾನೆ. ಅದು ಅವನ ಹಕ್ಕು. ಆಸ್ಪತ್ರೆಯ, ಠಾಣೆಯ ದಾಖಲೆಗಳನ್ನು ಕೆದಕಿ ಅವನನ್ನು ಬೆನ್ನಟ್ಟಬೇಡಿರಿ. ಘಟನೆ ನಡೆದ ಸ್ಥಳದ ಚಹಾ ಅಂಗಡಿಯವನಿಗೋ ಕಾರ್ಖಾನೆಯ ಗೇಟಿನ ಕಾವಲುಗಾರನಿಗೋ ಸುದ್ದಿ ಹೇಳಿ ಬನ್ನಿರಿ: ಅಂದು ಬಿದ್ದ ಹುಡುಗ ಚೇತರಿಸಿಕೊಂಡಿದ್ದಾನೆ, ಅವನನ್ನು ಹಿಡಿದುಕೊಂಡವರು ಈ ದಾರಿಯಲ್ಲಿ ಬಂದರೆ ತಿಳಿಸಿ. ಪ್ರತ್ಯುಪಕಾರ ಮಾಡಲು ಏನೂ ಇಲ್ಲದಿದ್ದರೆ, ಋಣ ತೀರಿತೆಂದು ನಿಮಗೆ ಅನಿಸುವ ತನಕ ಉಪಕಾರಿಗಾಗಿ ಪ್ರಾರ್ಥಿಸುತ್ತಿರಿ ಎಂಬುದು ಪ್ರವಾದಿವರ್ಯರ(ಸ) ಬೋಧನೆ (ಅಬೂದಾವೂದ್, ನಸಾಈ). ಹೆಸರು ಗೊತ್ತಿಲ್ಲದಿದ್ದರೇನು? ಮಳೆಯಲ್ಲಿ ಟವೆಲು ಒತ್ತಿ ಹಿಡಿದವನು ಎಂದರೆ ಅಲ್ಲಾಹನಿಗೆ ಗೊತ್ತು.

ಓ ಅಲ್ಲಾಹ್! ನಮಗೆ ಗೊತ್ತಿಲ್ಲದ ಕೈಗಳ ಮೂಲಕ ನಮ್ಮ ಮಕ್ಕಳನ್ನು ಮನೆಗೆ ತಲುಪಿಸಿದವನು ನೀನು. ಆ ಕೈಗಳನ್ನು ಗುರುತಿಸುವ ಕಣ್ಣನ್ನೂ ಅವರು ಮಾಡಿದ್ದನ್ನು ಹೆಸರು ಹಿಡಿದು ಹೇಳುವ ನಾಲಗೆಯನ್ನೂ ನಮಗೆ ದಯಪಾಲಿಸು. ಆಮೀನ್.